ಪೀಚ್‌ಟ್ರೀ ಬೀದಿಯ ನಡಿಗೆ, ಸುಪ್ರೀಂ ಕೋರ್ಟಿನ ಮೆಟ್ಟಿಲು

ಪ್ರೈಡ್ ಮೆರವಣಿಗೆಯ ಕಥೆಯನ್ನು ಸಾಮಾನ್ಯವಾಗಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನಿಂದ ಶುರುಮಾಡುತ್ತಾರೆ. 1969ರ ಜೂನ್ 28ರಂದು, ನಡುರಾತ್ರಿ ಕಳೆದ ಮೇಲೆ ಪೊಲೀಸರು ಆ ಬಾರಿಗೆ ನುಗ್ಗಿದಾಗ ಅಲ್ಲಿದ್ದ ಜನ ಎಂದಿನಂತೆ ತಲೆತಗ್ಗಿಸಿ ಚದುರಲಿಲ್ಲ, ತಿರುಗಿಬಿದ್ದರು. ಆ ಬೀದಿಯ ಗಲಾಟೆ ಕೆಲವು ದಿನ ನಡೆಯಿತು. ಆದರೆ ಅದೇ ವಾರ ಇನ್ನೂ ಎರಡು ಸಂಗತಿಗಳು ನಡೆದವು. ಅವನ್ನು ಜೊತೆಗಿಟ್ಟು ನೋಡದೆ ಹೋದರೆ ಮೆರವಣಿಗೆ ಯಾಕೆ ಹುಟ್ಟಿತು, ಕೋರ್ಟಿನ ಹೋರಾಟಕ್ಕಿಂತ ಅದು ಯಾಕೆ ಬೇರೆ ಎಂಬುದು ಅರ್ಥವಾಗುವುದಿಲ್ಲ. ಈ ಸ್ಮರಣ ಸಂಚಿಕೆಯ ಓದುಗರಲ್ಲಿ ಬಹಳಷ್ಟು ಮಂದಿ ನೆಲೆಸಿರುವ ವಾಷಿಂಗ್ಟನ್, ಅಟ್ಲಾಂಟಾ, ಕ್ಯಾರೊಲಿನಾಗಳ ಕಡೆಯಿಂದಲೇ ಈ ಚರಿತ್ರೆಯನ್ನು ಹೇಳಬೇಕೆಂದು ನನಗೆ ಅನ್ನಿಸುವುದೂ ಅದಕ್ಕೇ.

ಮೊದಲನೆಯ ಸಂಗತಿ ಜುಲೈ 1ರದು. ಕ್ಲಿಫರ್ಡ್ ನಾರ್ಟನ್ ಎಂಬಾತ ನಾಸಾದಲ್ಲಿ ಬಜೆಟ್ ವಿಭಾಗದ ನೌಕರ. 1963ರಲ್ಲಿ ಶ್ವೇತಭವನದ ಎದುರಿನ ಲಫಾಯೆಟ್ ಚೌಕದ ಬಳಿ ಇನ್ನೊಬ್ಬ ಗಂಡಸನ್ನು ಕಾರಿಗೆ ಹತ್ತಿಸಿಕೊಂಡದ್ದನ್ನು ಪೊಲೀಸರು ನೋಡಿದರು, ಬೆನ್ನುಹತ್ತಿ ಹಿಡಿದರು. ನೌಕರಿ ಹೋಯಿತು. ಆತ ಹೂಡಿದ ದಾವೆಯಲ್ಲಿ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅಂದು ಆತನ ಪರವಾಗಿ ತೀರ್ಪು ಕೊಟ್ಟಿತು. ನೌಕರನ ಖಾಸಗಿ ನಡತೆಗೂ ಅವನ ಕೆಲಸಕ್ಕೂ ಏನು ಸಂಬಂಧ ಎಂಬುದನ್ನು ಸರ್ಕಾರ ತೋರಿಸದೆ ಅವನನ್ನು ವಜಾ ಮಾಡುವಂತಿಲ್ಲ ಎಂದಿತು. ದೊಡ್ಡ ಗೆಲುವೇ. ಆದರೂ ಆ ತೀರ್ಪು ನಾರ್ಟನ್ನನ ನಡತೆಯನ್ನು ಒಪ್ಪಿಕೊಳ್ಳಲಿಲ್ಲ, ಅದು ಒಪ್ಪಬೇಕಾದ ಪ್ರಶ್ನೆಯೂ ಅದರ ಮುಂದಿರಲಿಲ್ಲ. ಕೆಲಸಕ್ಕೆ ಅಡ್ಡಿಯಾಗುವುದಿಲ್ಲವಾದ್ದರಿಂದ ಸಹಿಸಿಕೊಳ್ಳಿ ಎಂಬಷ್ಟೇ ಅದರ ಅರ್ಥ.

ಎರಡನೆಯದು ಜುಲೈ 4ರದು, ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ಎದುರು. ಅದನ್ನು ಹೇಳುವ ಮುಂಚೆ ಫ್ರ್ಯಾಂಕ್ ಕ್ಯಾಮೆನಿಯ ಪರಿಚಯ ಬೇಕು. ಹಾರ್ವರ್ಡ್‌ನಲ್ಲಿ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಕ್ಯಾಮೆನಿ 1957ರಲ್ಲಿ ಸೈನ್ಯದ ನಕ್ಷೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದ. ಸಲಿಂಗಿ ಎಂಬ ಕಾರಣಕ್ಕೆ ಕೆಲವೇ ತಿಂಗಳಲ್ಲಿ ಅವನನ್ನು ಹೊರಹಾಕಿದರು. ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ಹೊರಡಿಸಿದ ಆದೇಶವೊಂದು ಅಂಥವರನ್ನು ಸರ್ಕಾರಿ ನೌಕರಿಯಿಂದ ದೂರವಿಡಲು ದಾರಿ ಮಾಡಿಕೊಟ್ಟಿತ್ತು. ಕ್ಯಾಮೆನಿ ಕೆಳಗಿನ ಕೋರ್ಟುಗಳಲ್ಲಿ ಸೋತ. ವಕೀಲರು ಕೈಬಿಟ್ಟ ಮೇಲೆ 1961ರಲ್ಲಿ ತಾನೇ ಅರ್ಜಿ ಬರೆದು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ. ಕೋರ್ಟು ಅದನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಅದೇ ವರ್ಷ ಅವನು ಗೆಳೆಯ ಜ್ಯಾಕ್ ನಿಕೋಲ್ಸ್ ಜೊತೆ ಸೇರಿ ಮ್ಯಾಟಶೀನ್ ಸೊಸೈಟಿ ಆಫ್ ವಾಷಿಂಗ್ಟನ್ ಕಟ್ಟಿದ. 1965ರ ಏಪ್ರಿಲ್ 17ರಂದು ಆ ಸಂಘದ ಹತ್ತು ಜನ ಫಲಕ ಹಿಡಿದು ಶ್ವೇತಭವನದ ಮುಂದೆ ಸುತ್ತುಹಾಕಿದರು.

ಆ ಧರಣಿಗೆ ಕ್ಯಾಮೆನಿ ಮಾಡಿದ ನಿಯಮಗಳನ್ನು ಗಮನಿಸಬೇಕು. ಗಂಡಸರು ಸೂಟು, ಟೈ ಧರಿಸಬೇಕು. ಹೆಂಗಸರು ಸ್ಕರ್ಟ್ ಇಲ್ಲವೇ ಫ್ರಾಕ್ ಹಾಕಬೇಕು. ನೌಕರಿ ಕೇಳುವವರು ನೌಕರಿಗೆ ತಕ್ಕವರಂತೆ ಕಾಣಬೇಕು ಎಂಬುದು ಅವನ ವಾದ. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. 1965ರಲ್ಲಿ ಶ್ವೇತಭವನದ ಮುಂದೆ ಮುಖ ತೋರಿಸಿ ನಿಲ್ಲುವುದೆಂದರೆ ಇದ್ದ ನೌಕರಿ, ಬಾಡಿಗೆ ಮನೆ, ಅಪ್ಪ ಅಮ್ಮಂದಿರ ಸಂಬಂಧ ಎಲ್ಲವನ್ನೂ ಪಣಕ್ಕಿಟ್ಟಂತೆ. ಆದರೆ ಅದು ನಡೆದಾಡುವ ಅರ್ಜಿ. ಕೋರ್ಟು ಬಾಗಿಲು ಮುಚ್ಚಿದ್ದರಿಂದ ಅದೇ ಅರ್ಜಿಯನ್ನು, ಅದೇ ವಿನಯದಲ್ಲಿ, ಪಾದಚಾರಿ ದಾರಿಯ ಮೇಲೆ ಸಲ್ಲಿಸಿದ್ದು. ಅದೇ ವರ್ಷದ ಜುಲೈ 4ರಿಂದ ಫಿಲಡೆಲ್ಫಿಯಾದಲ್ಲಿ ಪ್ರತಿವರ್ಷ ಇಂಥದೇ ಧರಣಿ ನಡೆಯತೊಡಗಿತು. ಅದರ ಯೋಚನೆ ಹೊಳೆದದ್ದು ಮುಂದೆ ಪುಸ್ತಕ ವ್ಯಾಪಾರಿಯಾದ ನ್ಯೂಯಾರ್ಕಿನ ಕ್ರೇಗ್ ರಾಡ್‌ವೆಲ್‌ಗೆ.

1969ರ ಜುಲೈ 4ರಂದು, ಸ್ಟೋನ್‌ವಾಲ್ ನಡೆದು ವಾರವೂ ಕಳೆಯದಿದ್ದಾಗ, ಆ ಧರಣಿಯ ಸಾಲಿನಲ್ಲಿ ಇಬ್ಬರು ಹೆಂಗಸರು ಕೈಕೈ ಹಿಡಿದು ನಡೆದರು. ಕ್ಯಾಮೆನಿ ಮುಂದೆ ಬಂದು ಆ ಕೈಗಳನ್ನು ಬಿಡಿಸಿದ, ಇದೆಲ್ಲ ಇಲ್ಲಿ ಸಲ್ಲದು ಎಂದ. ರಾಡ್‌ವೆಲ್ ಸಿಟ್ಟಾದ. ನ್ಯೂಯಾರ್ಕಿನಿಂದ ಬಂದ ಕಿರಿಯರು ಬೇಕೆಂದೇ ಕೈ ಹಿಡಿದು ನಡೆಯತೊಡಗಿದರು. ನವೆಂಬರ್‌ನಲ್ಲಿ ಪೂರ್ವ ಕರಾವಳಿಯ ಸಂಘಗಳ ಸಮ್ಮೇಳನದಲ್ಲಿ ರಾಡ್‌ವೆಲ್ ಮತ್ತು ಅವನ ಗೆಳೆಯರ ನಿರ್ಣಯ ಅಂಗೀಕಾರವಾಯಿತು. ಜುಲೈ 4ರ ಧರಣಿ ನಿಲ್ಲಲಿ, ಅದರ ಬದಲು ಜೂನ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಸ್ಟೋನ್‌ವಾಲ್ ನೆನಪಿಗೆ ಮೆರವಣಿಗೆ ನಡೆಯಲಿ, ಬೇರೆ ಊರುಗಳವರೂ ಅದೇ ದಿನ ನಡೆಯಲಿ, ಉಡುಪಿಗೂ ವಯಸ್ಸಿಗೂ ಯಾವ ಕಟ್ಟಳೆಯೂ ಬೇಡ. ಆ ಕೊನೆಯ ಮಾತೇ ಪ್ರೈಡ್ ಮೆರವಣಿಗೆಯ ಹುಟ್ಟು ಎಂದು ನಾನು ತಿಳಿದಿದ್ದೇನೆ. ನೋಡುವವನಿಗೆ ಒಪ್ಪಿಗೆಯಾಗುವಂತೆ ಕಾಣಬೇಕು ಎಂಬ ಷರತ್ತು ಅಲ್ಲಿಗೆ ಬಿದ್ದುಹೋಯಿತು. 1970ರ ಜೂನ್ 28ರ ಭಾನುವಾರ ನ್ಯೂಯಾರ್ಕಿನಲ್ಲಿ ಸಾವಿರಾರು ಜನ ಕ್ರಿಸ್ಟಫರ್ ಬೀದಿಯ ಕಡೆಯಿಂದ ಸೆಂಟ್ರಲ್ ಪಾರ್ಕಿನವರೆಗೆ ನಡೆದರು.

ಅಟ್ಲಾಂಟಾದಲ್ಲಿ ಕಿಡಿ ಹೊತ್ತಿದ್ದು ಒಂದು ಸಿನಿಮಾ ಮಂದಿರದಲ್ಲಿ. 1969ರ ಆಗಸ್ಟ್ 5ರ ರಾತ್ರಿ ಆನ್ಸ್‌ಲಿ ಮಾಲ್ ಮಿನಿ ಸಿನಿಮಾದಲ್ಲಿ ಆ್ಯಂಡಿ ವಾರ್‌ಹಾಲ್‌ನ 'ಲೋನ್‌ಸಮ್ ಕೌಬಾಯ್ಸ್' ಓಡುತ್ತಿತ್ತು. ಎಪ್ಪತ್ತರಷ್ಟು ಪ್ರೇಕ್ಷಕರು. ಪೊಲೀಸರು ಒಳನುಗ್ಗಿ ಚಿತ್ರ ನಿಲ್ಲಿಸಿದರು, ಪ್ರೇಕ್ಷಕರ ಫೋಟೊ ತೆಗೆದರು. ಆ ಕ್ಯಾಮೆರಾದ ಭಯವನ್ನು ಇವತ್ತು ಊಹಿಸಿಕೊಳ್ಳುವುದು ಕಷ್ಟ. ಬಂಧನವಾದರೆ ಜಾಮೀನು ಕಟ್ಟಿ ಹೊರಬರಬಹುದು. ಪೊಲೀಸರ ಕಡತದಲ್ಲಿ ಮುಖ ಸೇರಿಬಿಟ್ಟರೆ ಆ ಮುಖ ಕಚೇರಿಗೆ, ಶಾಲೆಗೆ, ಚರ್ಚಿಗೆ ಯಾವಾಗ ತಲುಪುತ್ತದೋ ಹೇಳಲಾಗದು. ಕೆಲವೇ ದಿನಗಳಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಆ ಸಿಟ್ಟಿನಿಂದಲೇ ಮುಂದೆ ಜಾರ್ಜಿಯಾ ಗೇ ಲಿಬರೇಶನ್ ಫ್ರಂಟ್ ರೂಪುಗೊಂಡಿತು. 1970ರಲ್ಲಿ ಕೆಲವರು ಪಿಡ್ಮಾಂಟ್ ಪಾರ್ಕಿನ ಕಲಾಮೇಳದಲ್ಲಿ ಕರಪತ್ರ ಹಂಚಿದರು, ಅಷ್ಟೇ. 1971ರಲ್ಲಿ ಮೆರವಣಿಗೆಗೆ ನಗರಾಡಳಿತದ ಪರವಾನಗಿ ಕೇಳಿದರು, ಸಿಗಲಿಲ್ಲ. ಆದರೂ ಹೊರಟರು.

ಪರವಾನಗಿ ಇಲ್ಲದೆ ನಡೆಯುವುದೆಂದರೆ ಹೇಗೆ? ರಸ್ತೆಗೆ ಇಳಿಯುವಂತಿಲ್ಲ, ವಾಹನ ತಡೆಯುವಂತಿಲ್ಲ. ಸುಮಾರು 125 ಜನ ಪೀಚ್‌ಟ್ರೀ ಬೀದಿಯ ಪಾದಚಾರಿ ದಾರಿಯ ಮೇಲೆ ಸಾಲಾಗಿ ನಡೆದರು. ಪ್ರತಿ ಚೌಕದಲ್ಲೂ ಕೆಂಪು ದೀಪಕ್ಕೆ ನಿಂತರು, ಹಸಿರಾದಾಗ ದಾಟಿದರು, ಹಿಂದುಳಿದವರಿಗೆ ಕಾದು ಮತ್ತೆ ನಡೆದರು. ಹೀಗೆ ಪಿಡ್ಮಾಂಟ್ ಪಾರ್ಕ್ ತಲುಪಿದರು. ರಸ್ತೆ ಮಧ್ಯೆ ನಡೆದಿದ್ದರೆ ಬೇಗ ಮುಗಿದುಹೋಗುತ್ತಿತ್ತು. ದೀಪಕ್ಕೆ ನಿಂತಾಗ ಪಕ್ಕದಲ್ಲಿ ನಿಂತ ಕಾರುಗಳವರಿಗೆ ಮುಖ ಕೊಟ್ಟು ನಿಲ್ಲಲೇಬೇಕು. ಎರಡು ವರ್ಷದ ಹಿಂದೆ ಕತ್ತಲೆಯಲ್ಲಿ ಬಲವಂತವಾಗಿ ತೆಗೆದ ಫೋಟೊಕ್ಕೆ ಹೆದರಿದ್ದ ಊರಿನಲ್ಲಿ ಈಗ ಹಗಲಿನಲ್ಲಿ ತಾವಾಗಿಯೇ ಮುಖ ತೋರಿಸಿದ್ದು ಸಣ್ಣ ಮಾತಲ್ಲ. ಮುಖ ತೋರಿಸಿದವನನ್ನು ಮುಖ ಬಯಲು ಮಾಡುತ್ತೇನೆಂದು ಬೆದರಿಸಲು ಆಗುವುದಿಲ್ಲ. ಪ್ರೈಡ್‌ನಲ್ಲಿ ನಡೆಯುವವರಿಗೆ ಮೊದಲು ಸಿಗುವುದು ಈ ಬಿಡುಗಡೆ. ಅದನ್ನು ಯಾವ ತೀರ್ಪೂ ಕೊಡಲಾರದು, ಏಕೆಂದರೆ ಅದು ಸರ್ಕಾರದ ಕೈಯಲ್ಲಿರುವ ವಸ್ತುವೇ ಅಲ್ಲ.

ಸರ್ಕಾರ ಕೊಡಬಹುದಾದ ಮನ್ನಣೆ ಎಷ್ಟು ತೆಳುವಾದದ್ದು ಎಂಬುದೂ ಅಟ್ಲಾಂಟಾದಲ್ಲೇ ಕಂಡಿತು. 1976ರಲ್ಲಿ ಮೇಯರ್ ಮೇನಾರ್ಡ್ ಜ್ಯಾಕ್ಸನ್ ಗೇ ಪ್ರೈಡ್ ದಿನವನ್ನು ಅಧಿಕೃತವಾಗಿ ಘೋಷಿಸಿದರು. ವಿರೋಧಿಗಳು ಪತ್ರಿಕೆಯಲ್ಲಿ ಜಾಹೀರಾತು ಹಾಕಿ ಅವರ ವಿರುದ್ಧ ಎದ್ದರು. ಮರುವರ್ಷದ ಘೋಷಣೆಯಲ್ಲಿ ಆ ಹೆಸರು ಉಳಿಯಲಿಲ್ಲ. ಮೆರವಣಿಗೆ ಮಾತ್ರ ಉಳಿಯಿತು.

ವಾಷಿಂಗ್ಟನ್ನಿನಲ್ಲಿ ಪ್ರೈಡ್ ಶುರುವಾದ ರೀತಿ ಇನ್ನೂ ಸೌಮ್ಯ. 1975ರ ಜೂನ್‌ನಲ್ಲಿ ಡೀಕನ್ ಮಕ್ಕುಬಿನ್ ತನ್ನ ಲ್ಯಾಂಬ್ಡಾ ರೈಸಿಂಗ್ ಪುಸ್ತಕದಂಗಡಿ ಇದ್ದ ಇಪ್ಪತ್ತನೇ ಬೀದಿಯಲ್ಲಿ ಒಂದು ಮಧ್ಯಾಹ್ನ ಬೀದಿಹಬ್ಬ ನಡೆಸಿದ, ಎರಡು ಸಾವಿರದಷ್ಟು ಜನ ಸೇರಿದರು. ಅದಾಗಿ ಕೆಲವೇ ದಿನಗಳಿಗೆ, ಜುಲೈ 3ರಂದು, ಕೇಂದ್ರ ನಾಗರಿಕ ಸೇವಾ ಆಯೋಗ ಸಲಿಂಗಿಗಳನ್ನು ನೌಕರಿಯಿಂದ ಹೊರಗಿಡುವ ನೀತಿಯನ್ನು ಕೈಬಿಟ್ಟಿತು. ಇದು ಕ್ಯಾಮೆನಿಯ ದಾರಿಗೆ ಸಂದ ಫಲ. ನಾರ್ಟನ್ ತೀರ್ಪು ಮತ್ತು ಅದರ ಹಿಂದೆ ಬಂದ ಮೊಕದ್ದಮೆಗಳಿಲ್ಲದೆ ಅದು ಆಗುತ್ತಿರಲಿಲ್ಲ. ಬೀದಿಹಬ್ಬದಿಂದ ಯಾರ ನೌಕರಿಯೂ ಮರಳಿ ಬರಲಿಲ್ಲ. ಮೆರವಣಿಗೆಯನ್ನು ಪ್ರೀತಿಸುವವರು ಇದನ್ನು ಮರೆಯಬಾರದು.

ಇನ್ನು ಕ್ಯಾರೊಲಿನಾಗಳು. 1981ರ ಏಪ್ರಿಲ್‌ನಲ್ಲಿ ಡರಮ್ ಊರಿನ ಬಳಿ ಲಿಟಲ್ ರಿವರ್ ಎಂಬ ಹೊಳೆಯ ದಡದಲ್ಲಿ ಬಿಸಿಲು ಕಾಯಿಸುತ್ತಿದ್ದವರ ಮೇಲೆ ಕೆಲವರು ಬಿದ್ದು ಹೊಡೆದರು. ಇವರು ಸಲಿಂಗಿಗಳು ಎಂದು ಭಾವಿಸಿದ್ದೇ ಕಾರಣ. ಒಬ್ಬ ವ್ಯಕ್ತಿ ಸತ್ತ. ಆ ಜೂನ್ 27ರಂದು ಡರಮ್‌ನಲ್ಲಿ 'ನಾವು ಹೊರಬರುವ ದಿನ' ಎಂಬರ್ಥದ ಹೆಸರಿನಲ್ಲಿ ಸುಮಾರು ಮುನ್ನೂರು ಜನ ನಡೆದರು. ಕೊಲೆ ಮಾಡಿದವರನ್ನು ವಿಚಾರಿಸುವುದು ಕೋರ್ಟಿನ ಕೆಲಸ. ಆದರೆ ಸತ್ತವನಿಗಾಗಿ ಬಹಿರಂಗವಾಗಿ ಅಳಲು ಒಂದು ಜಾಗ ಬೇಕಿತ್ತು. ಹೊಳೆದಂಡೆಗೆ ಹೋಗಲು ಹೆದರುವಂತಾದವರು ಊರ ನಡುವೆ ಒಟ್ಟಾಗಿ ಹೋಗಬೇಕಿತ್ತು. ದಕ್ಷಿಣ ಕ್ಯಾರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ ಮೊದಲ ಪ್ರೈಡ್ ನಡಿಗೆ ಆಗಲು 1990ರವರೆಗೆ ಕಾಯಬೇಕಾಯಿತು.

ನಡೆಯುವವರಲ್ಲಿ ಅಪ್ಪ ಅಮ್ಮಂದಿರೂ ಇದ್ದರು ಎಂಬುದನ್ನು ನಮ್ಮವರು ತಿಳಿಯಬೇಕು. 1972ರ ನ್ಯೂಯಾರ್ಕ್ ಮೆರವಣಿಗೆಯಲ್ಲಿ ಶಾಲಾ ಶಿಕ್ಷಕಿ ಜೀನ್ ಮ್ಯಾನ್‌ಫರ್ಡ್ ತನ್ನ ಮಗನ ಜೊತೆ ನಡೆದಳು. ನಮ್ಮ ಮಕ್ಕಳ ಬೆಂಬಲಕ್ಕೆ ಹೆತ್ತವರು ಒಂದಾಗಿ ಎಂಬರ್ಥದ ಫಲಕ ಅವಳ ಕೈಯಲ್ಲಿತ್ತು. ದಾರಿಯುದ್ದಕ್ಕೂ ಹುಡುಗ ಹುಡುಗಿಯರು ಓಡಿಬಂದು, ನಮ್ಮಮ್ಮನ ಹತ್ತಿರವೂ ಒಂದು ಮಾತು ಆಡಿ ಎಂದು ಅವಳನ್ನು ಬೇಡಿಕೊಂಡರು. ಮರುವರ್ಷ ಹೆತ್ತವರ ಮೊದಲ ಸಭೆ ಸೇರಿತು, ಅದೇ ಇವತ್ತು ಪಿಎಫ್‌ಎಲ್‌ಎಜಿ ಎಂಬ ದೇಶವ್ಯಾಪಿ ಸಂಸ್ಥೆ. ಮಗನ ಹಕ್ಕಿಗಾಗಿ ದಾವೆ ಹೂಡಲು ತಾಯಿಗೆ ಕಾನೂನಿನಲ್ಲಿ ದಾರಿ ಇರಲಿಲ್ಲ. ಅವನ ಪಕ್ಕ ನಡೆಯಲು ಯಾರನ್ನೂ ಕೇಳಬೇಕಿರಲಿಲ್ಲ.

ಈಗ ಕೋರ್ಟಿನ ಕಡೆ ಬರೋಣ. ಜಾರ್ಜಿಯಾದ ಕಾನೂನು ಕೆಲವು ಬಗೆಯ ಲೈಂಗಿಕ ಸಂಪರ್ಕವನ್ನು ಯಾರು ಮಾಡಿದರೂ, ಗಂಡಹೆಂಡಿರೇ ಆದರೂ, ಒಂದರಿಂದ ಇಪ್ಪತ್ತು ವರ್ಷ ಜೈಲಿಗೆ ತಕ್ಕ ಅಪರಾಧ ಎನ್ನುತ್ತಿತ್ತು. 1982ರಲ್ಲಿ ಅಟ್ಲಾಂಟಾದ ಮೈಕಲ್ ಹಾರ್ಡ್‌ವಿಕ್‌ಗೆ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಕುಡಿದದ್ದಕ್ಕೆ ದಂಡದ ಚೀಟಿ ಬಂತು. ಹಾಜರಾಗಬೇಕಾದ ದಿನದ ಗೊಂದಲದಿಂದ ವಾರಂಟ್ ಹೊರಟಿತು. ಅವನು ದಂಡ ಕಟ್ಟಿದ. ಆಗಸ್ಟ್‌ನಲ್ಲಿ ಪೊಲೀಸನೊಬ್ಬ ಆ ಹಳೆಯ ವಾರಂಟ್ ಹಿಡಿದೇ ಮನೆಗೆ ಬಂದ. ಮನೆಯಲ್ಲಿದ್ದ ಅತಿಥಿ ಒಳಬಿಟ್ಟ. ಮಲಗುವ ಕೋಣೆಯಲ್ಲಿ ಹಾರ್ಡ್‌ವಿಕ್ ಇನ್ನೊಬ್ಬ ಗಂಡಸಿನ ಜೊತೆಗಿದ್ದುದನ್ನು ಕಂಡು ಇಬ್ಬರನ್ನೂ ಬಂಧಿಸಿದ. ಜಿಲ್ಲಾ ಸರ್ಕಾರಿ ವಕೀಲರು ಮೊಕದ್ದಮೆ ಮುಂದುವರಿಸಲಿಲ್ಲ. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕಾನೂನನ್ನೇ ಪ್ರಶ್ನಿಸಲು ಇಂಥದೊಂದು ಪ್ರಕರಣಕ್ಕಾಗಿ ನಾಗರಿಕ ಹಕ್ಕುಗಳ ವಕೀಲರು ಕಾಯುತ್ತಿದ್ದರು. ಸ್ವಂತ ಮನೆ, ಸ್ವಂತ ಕೋಣೆ, ಇಬ್ಬರೂ ವಯಸ್ಕರು, ಇಬ್ಬರ ಒಪ್ಪಿಗೆ.

ಕೋರ್ಟಿನ ಹೋರಾಟದ ಸ್ವಭಾವವೇ ಇದು. ಸಾವಿರಾರು ಜನರ ಬಾಳಿನಿಂದ ಒಂದು ಪ್ರಕರಣವನ್ನು ಆರಿಸಿ ತೆಗೆಯಬೇಕು, ಅದರಲ್ಲಿ ಒಂದೇ ಪ್ರಶ್ನೆ ಉಳಿಯುವಂತೆ ಮಿಕ್ಕಿದ್ದನ್ನೆಲ್ಲ ಕಳಚಬೇಕು. ಹಾರ್ಡ್‌ವಿಕ್ ಜೊತೆ ಒಂದು ವಿವಾಹಿತ ದಂಪತಿಯೂ ಹೆಸರು ಮುಚ್ಚಿಟ್ಟು ದಾವೆಗೆ ಸೇರಿದ್ದರು, ಈ ಕಾನೂನು ನಮಗೂ ಅನ್ವಯಿಸುತ್ತದಲ್ಲ ಎಂದು. ನಿಮ್ಮನ್ನು ಯಾರೂ ಬಂಧಿಸಿಲ್ಲ, ಬಂಧಿಸುವ ಅಪಾಯವೂ ಇಲ್ಲ, ಆದ್ದರಿಂದ ದಾವೆ ಹೂಡುವ ಅಧಿಕಾರವಿಲ್ಲ ಎಂದು ಅವರನ್ನು ಕೈಬಿಟ್ಟರು. ಉಳಿದವನು ಹಾರ್ಡ್‌ವಿಕ್ ಒಬ್ಬ. 1986ರ ಜೂನ್ 30ರಂದು ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಕಾನೂನು ಎಲ್ಲರಿಗೂ ಅನ್ವಯಿಸುವಂತೆ ಬರೆದಿದ್ದರೂ ನ್ಯಾಯಮೂರ್ತಿಗಳು ಸಲಿಂಗಿಗಳ ಪ್ರಶ್ನೆಯೊಂದನ್ನೇ ಎತ್ತಿಕೊಂಡು, ಅವರಿಗೆ ಸಂವಿಧಾನದಲ್ಲಿ ಅಂಥ ಹಕ್ಕಿಲ್ಲ ಎಂದರು. ಉತ್ತರ ಕ್ಯಾರೊಲಿನಾದವರು ಡರಮ್‌ನಲ್ಲಿ ರಾಜ್ಯಮಟ್ಟದ ಪ್ರೈಡ್ ನಡಿಗೆ ಆರಂಭಿಸಿದ್ದೂ ಆ ಜೂನ್ ಕೊನೆಯಲ್ಲೇ.

ಕೋರ್ಟಿನಲ್ಲಿ ಸೋತರೆ ಆ ಸೋಲು ಎಲ್ಲರ ತಲೆಯ ಮೇಲೂ ಬೀಳುತ್ತದೆ. ಹಾರ್ಡ್‌ವಿಕ್ ತೀರ್ಪನ್ನು ಮುಂದಿನ ಹದಿನೇಳು ವರ್ಷ ನೌಕರಿಯ, ಮಕ್ಕಳ ಪಾಲನೆಯ ಮೊಕದ್ದಮೆಗಳಲ್ಲಿ ಸಲಿಂಗಿಗಳ ವಿರುದ್ಧ ಎತ್ತಿ ತೋರಿಸಿದರು. ಮೆರವಣಿಗೆಯಲ್ಲಿ ಅಂಥ ಅಪಾಯವಿಲ್ಲ. ಒಂದು ವರ್ಷ ಮಳೆ ಬಂದು ಜನ ಕಡಿಮೆಯಾದರೆ ಯಾರ ಹಕ್ಕೂ ಹೋಗುವುದಿಲ್ಲ.

ಎರಡೂ ದಾರಿಗಳು ಕೂಡಿದ್ದು 1987ರ ಅಕ್ಟೋಬರ್‌ನಲ್ಲಿ, ವಾಷಿಂಗ್ಟನ್ನಿನಲ್ಲಿ. 11ರ ಭಾನುವಾರ ಲಕ್ಷಾಂತರ ಜನ ನಡೆದರು. ಏಡ್ಸ್‌ನಿಂದ ಸತ್ತವರ ಹೆಸರು ಹೊಲಿದ ಕೌದಿಯನ್ನು ನ್ಯಾಷನಲ್ ಮಾಲ್ ಮೈದಾನದಲ್ಲಿ ಮೊದಲ ಸಲ ಹಾಸಿದ್ದೂ ಆಗಲೇ. 1,920 ತುಂಡುಗಳು, ಒಂದೊಂದೂ ಸಮಾಧಿಯ ಅಳತೆ, ಆರಡಿಗೆ ಮೂರಡಿ. 13ರಂದು ಜನ ಹಾರ್ಡ್‌ವಿಕ್ ತೀರ್ಪನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೇ ಹೋದರು. ಗುಂಪುಗುಂಪಾಗಿ ಮೆಟ್ಟಿಲೇರಿ ಕುಳಿತರು. ಏಡ್ಸ್ ಭಯಕ್ಕೆ ಪೊಲೀಸರು ರಬ್ಬರ್ ಕೈಗವಸು ತೊಟ್ಟು ಅವರನ್ನು ಎತ್ತಿಕೊಂಡು ಹೋದರು. ಆ ದಿನ ಆರುನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಒಳಗೆ ಒಬ್ಬನನ್ನೇ ಕೇಳಿಸಿಕೊಂಡಿದ್ದ ಕೋರ್ಟಿನ ಹೊರಗೆ, ದಾವೆ ಹೂಡುವ ಅಧಿಕಾರ ಇಲ್ಲದವರೆಲ್ಲ ಬಂದು ಕುಳಿತಿದ್ದರು.

ತೀರ್ಪು ಅದರಿಂದ ಬದಲಾಗಲಿಲ್ಲ. ಬಹುಮತಕ್ಕೆ ಐದನೆಯ ಮತ ಕೊಟ್ಟ ನ್ಯಾಯಮೂರ್ತಿ ಪೊವೆಲ್ ನಿವೃತ್ತರಾದ ಮೇಲೆ, 1990ರಲ್ಲಿ, ಬಹುಶಃ ತಪ್ಪು ಮಾಡಿದೆ ಎಂದರು. ಹಾರ್ಡ್‌ವಿಕ್ 1991ರಲ್ಲಿ ತೀರಿಕೊಂಡ. ಜಾರ್ಜಿಯಾದ ಕಾನೂನು ಬಿದ್ದದ್ದು 1998ರ ನವೆಂಬರ್ 23ರಂದು, ಜಾರ್ಜಿಯಾದ ಸ್ವಂತ ಸುಪ್ರೀಂ ಕೋರ್ಟಿನಲ್ಲಿ, ರಾಜ್ಯ ಸಂವಿಧಾನದ ಖಾಸಗಿತನದ ಆಧಾರದ ಮೇಲೆ. ವಿಚಿತ್ರವೆಂದರೆ ಆ ಮೊಕದ್ದಮೆ ಒಬ್ಬ ಗಂಡಸು ಮತ್ತು ಹೆಂಗಸಿನ ನಡುವಿನದು, ಸಲಿಂಗಿಗಳು ಅದರಲ್ಲಿ ಕಕ್ಷಿಗಳೇ ಆಗಿರಲಿಲ್ಲ. ಇಷ್ಟು ವರ್ಷ ಪೀಚ್‌ಟ್ರೀ ಬೀದಿಯಲ್ಲಿ ನಡೆದವರ ಮೇಲಿದ್ದ ಅಪರಾಧಿ ಎಂಬ ಹಣೆಪಟ್ಟಿ ಅವರದಲ್ಲದ ಮೊಕದ್ದಮೆಯ ತೀರ್ಪಿನಿಂದ ಕಳಚಿತು. ಉತ್ತರ, ದಕ್ಷಿಣ ಕ್ಯಾರೊಲಿನಾಗಳಲ್ಲಿ, 2003ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟು ಲಾರೆನ್ಸ್ ಮೊಕದ್ದಮೆಯಲ್ಲಿ ಹಾರ್ಡ್‌ವಿಕ್ ತೀರ್ಪನ್ನು ತಳ್ಳಿಹಾಕುವವರೆಗೂ, ಅಂಥ ಕಾನೂನು ಇದ್ದೇ ಇತ್ತು.

ಕೋರ್ಟಿಗೂ ಬೀದಿಗೂ ಇರುವ ಈ ಅಂತರ ನಮ್ಮೂರ ಕಡೆಯೂ ಕಂಡಿತು. ಬೆಂಗಳೂರಿನಲ್ಲಿ 2008ರ ಜೂನ್ 29ರಂದು ಮೊದಲ ಪ್ರೈಡ್ ನಡಿಗೆ ನಡೆದಾಗ ಹಲವರು ಮುಖವಾಡ ಹಾಕಿ ಬಂದಿದ್ದರು. ಕಲಂ 377ರ ಮೊಕದ್ದಮೆ ಆಗ ದೆಹಲಿ ಹೈಕೋರ್ಟಿನಲ್ಲಿ ಬಾಕಿಯಿತ್ತು. 2009ರಲ್ಲಿ ಗೆಲುವು, 2013ರಲ್ಲಿ ಸೋಲು, 2018ರಲ್ಲಿ ಮತ್ತೆ ಗೆಲುವು. ನಡಿಗೆ ಮಾತ್ರ ಮುಂದುವರಿಯಿತು, ಮುಖವಾಡಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಅಲ್ಲಿ 377 ಒಂದೇ ವಿಷಯವಾಗಿರಲಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಂ ಹಿಜಡಾಗಳ ಹೆಸರಿನ ಪಟ್ಟಿ ಇಡಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಮಲಗುವ ಕೋಣೆಯ ಹಕ್ಕಿಗಿಂತ ಬೀದಿಯಲ್ಲಿ ನಿಲ್ಲುವ ಹಕ್ಕು ಅವರಿಗೆ ದಿನನಿತ್ಯದ ಅಗತ್ಯ.

ಮೆರವಣಿಗೆಯೊಳಗೂ ಎಲ್ಲರಿಗೂ ಸಮನಾದ ಜಾಗ ಸಿಗಲಿಲ್ಲ ಎಂಬುದನ್ನು ಈ ಚರಿತ್ರೆಯಲ್ಲಿ ಸೇರಿಸಲೇಬೇಕು. 1979ರ ಅಕ್ಟೋಬರ್‌ನ ಮೊದಲ ರಾಷ್ಟ್ರೀಯ ನಡಿಗೆಯ ದಿನಗಳಲ್ಲೇ ಕರಿಯರು, ಲ್ಯಾಟಿನೊಗಳು, ಏಷ್ಯನ್ನರು ವಾಷಿಂಗ್ಟನ್ನಿನಲ್ಲಿ ತಮ್ಮದೇ ಸಮ್ಮೇಳನ ಕೂಡಿ, ಹಾವರ್ಡ್ ವಿಶ್ವವಿದ್ಯಾಲಯದ ಕಡೆಯಿಂದ ಚೈನಾಟೌನ್ ಹಾದು ಮಾಲ್‌ಗೆ ಬೇರೆಯಾಗಿ ನಡೆದುಬಂದರು. ತಮ್ಮ ಕೇರಿಯವರೇ ಮೊದಲು ತಮ್ಮನ್ನು ನೋಡಲಿ ಎಂಬುದು ಅವರ ಆಸೆ. 1991ರಲ್ಲಿ ಬ್ಯಾನೆಕರ್ ಮೈದಾನದಲ್ಲಿ ಡಿಸಿ ಬ್ಲ್ಯಾಕ್ ಪ್ರೈಡ್ ಶುರುವಾಯಿತು, ಏಡ್ಸ್ ಸೇವಾಸಂಸ್ಥೆಗಳಿಗೆ ಹಣ ಕೂಡಿಸಲು. ಭಾರತೀಯರೂ 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರೈಕೋನ್ ಕಟ್ಟಿ, ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಮೆರವಣಿಗೆಯಲ್ಲಿ ತಮ್ಮದೇ ಫಲಕದಡಿ ನಡೆದಿದ್ದರು. ಇನ್ನು ಅಟ್ಲಾಂಟಾದ ಮುಖ್ಯ ಪ್ರೈಡ್‌ಗೆ ಬಂದರೆ, ಅದು 2008ರ ಬರಗಾಲದಲ್ಲಿ ಪಿಡ್ಮಾಂಟ್ ಪಾರ್ಕಿನ ಹುಲ್ಲುಹಾಸು ಉಳಿಸುವ ನಿರ್ಬಂಧದಿಂದ ಜಾಗ ಬದಲಿಸಬೇಕಾಯಿತು. ಮರುವರ್ಷದಿಂದ ಅದು ಜೂನ್ ಬಿಟ್ಟು ಅಕ್ಟೋಬರ್‌ನಲ್ಲಿ, ಅದೇ ಪಾರ್ಕಿನಲ್ಲಿ, ನಡೆಯುತ್ತ ಬಂದಿದೆ. ಈಗ ನಗರದ ಪರವಾನಗಿ ಸಿಗುತ್ತದೆ, ವಾಹನಗಳನ್ನು ಪೊಲೀಸರೇ ತಡೆದು ನಿಲ್ಲಿಸುತ್ತಾರೆ.